ಮನೆಗಳ ಗ್ಯಾಲರಿಗೆ ಹೋಗುವ ಮಕ್ಕಳ ಕೈಯಲ್ಲಿ ಎಂಥ ಹಾಳೆ ಇರಬೇಕು?

ಪ್ರಶ್ನೆ: ನಾನು ಹುನಗುಂದ ತಾಲ್ಲೂಕಿನ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಾಲ್ಕು ಮತ್ತು ಐದನೆಯ ತರಗತಿಯ 46 ಮಕ್ಕಳನ್ನು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯಲಿದ್ದೇವೆ. ಅಲ್ಲಿನ ಒಂದು ಗ್ಯಾಲರಿಯಲ್ಲಿ ನಮ್ಮ ಕಡೆಯ ಮಣ್ಣಿನ ಚಪ್ಪಟೆ ಚಾವಣಿಯ ಮಾಳಿಗೆ ಮನೆ, ಕರಾವಳಿಯ ಹಂಚಿನ ಮನೆ, ಲಡಾಖಿನ ಮನೆ ಮತ್ತು ಅಸ್ಸಾಮಿನ ಕಂಬಗಳ ಮೇಲಿನ ಬಿದಿರಿನ ಮನೆಯ ಮಾದರಿಗಳಿವೆ. ನಮಗೆ ಸಿಗುವುದು 40 ನಿಮಿಷ. ನಾನು 22 ಪ್ರಶ್ನೆಗಳ ವರ್ಕ್‌ಶೀಟ್ ಮಾಡಿದ್ದೇನೆ. ಹೋದ ವರ್ಷ ಮಕ್ಕಳು ಗೋಡೆಯ ಫಲಕ ನೋಡಿ ನಕಲು ಮಾಡಿದರೇ ಹೊರತು ಮನೆಗಳನ್ನು ನೋಡಲಿಲ್ಲ. ಪ್ರಶ್ನೆ ಕಡಿಮೆ ಮಾಡಿದರೆ ಮಕ್ಕಳು ಸುಮ್ಮನೆ ಓಡಾಡಿ ಬರುತ್ತಾರೆಂದು ಮುಖ್ಯ ಗುರುಗಳು ಹೇಳುತ್ತಾರೆ. ಕೊನೆಯಲ್ಲಿ ‘ನಿಮ್ಮ ಮನೆ ಯಾವ ಬಗೆಯದು? ಯಾವ ಮನೆ ಉತ್ತಮ?’ ಎಂದು ಕೇಳಿದ್ದೇನೆ. ಕೆಲವು ಮಕ್ಕಳು ತಗಡಿನ ಶೆಡ್ಡಿನಲ್ಲಿದ್ದಾರೆ. ಇದು ಸರಿಯೇ?

ಉತ್ತರ: ನಿಮ್ಮ ಹಾಳೆಯನ್ನು ಕೈಗೆತ್ತಿಕೊಂಡು ಮೊದಲು ಒಂದು ಪರೀಕ್ಷೆ ಮಾಡಿರಿ. ಪ್ರತಿ ಪ್ರಶ್ನೆಯ ಮುಂದೆ, ಅದರ ಉತ್ತರ ಫಲಕದಲ್ಲಿದೆಯೋ ಮಾದರಿಯಲ್ಲಿದೆಯೋ ಎಂದು ಗುರುತು ಹಾಕಿರಿ. ‘ಲಡಾಖಿನ ಮನೆಯನ್ನು ಯಾವುದರಿಂದ ಕಟ್ಟುತ್ತಾರೆ?’ ಎಂಬುದಕ್ಕೆ ಉತ್ತರ ಫಲಕದ ಎರಡನೆಯ ಸಾಲಿನಲ್ಲಿ ಸಿಗುತ್ತಿದ್ದರೆ, ಹತ್ತು ವರ್ಷದ ಯಾವ ಜಾಣ ಮಗುವೂ ಮನೆಯ ಕಡೆ ಕತ್ತು ಹೊರಳಿಸುವುದಿಲ್ಲ. ಆ ಮಗು ನಕಲು ಮಾಡಿತೆಂದು ನಾವು ಬೇಸರಪಡುತ್ತೇವೆ. ನಿಜವಾಗಿ ನಾವು ಕೇಳಿದ್ದನ್ನೇ ಅದು ಅತ್ಯಂತ ಕಡಿಮೆ ದಾರಿಯಲ್ಲಿ ಮಾಡಿ ಮುಗಿಸಿರುತ್ತದೆ. ಇಂಥ ಹಾಳೆಗಳಲ್ಲಿ ಮುಕ್ಕಾಲು ಪಾಲು ಪ್ರಶ್ನೆಗಳು ಫಲಕದವೇ ಆಗಿರುವುದನ್ನು ವಸ್ತುಸಂಗ್ರಹಾಲಯದ ಶಿಕ್ಷಣ ವಿಭಾಗದಲ್ಲಿ ಕೆಲಸ ಮಾಡುವ ನಾವು ಮತ್ತೆ ಮತ್ತೆ ನೋಡುತ್ತೇವೆ. ಅವನ್ನು ತೆಗೆದುಹಾಕಿದರೆ ನಿಮ್ಮ 22 ಪ್ರಶ್ನೆಗಳು ತಾವಾಗಿಯೇ ಐದಾರಕ್ಕೆ ಇಳಿಯುತ್ತವೆ.

ಮುಖ್ಯ ಗುರುಗಳ ಆತಂಕದಲ್ಲಿ ಅರ್ಧ ಸತ್ಯವಿದೆ. ಕೈಯಲ್ಲಿ ಏನೂ ಇಲ್ಲದೆ ಗ್ಯಾಲರಿಗೆ ಬಿಟ್ಟ ಮಕ್ಕಳು ಮೊದಲ ಐದು ನಿಮಿಷದಲ್ಲಿ ಎಲ್ಲವನ್ನೂ ಒಂದು ಸುತ್ತು ನೋಡಿ, ಆಮೇಲೆ ಕಿಟಕಿ, ಮೆಟ್ಟಿಲು, ನೀರಿನ ನಲ್ಲಿಗಳ ಕಡೆ ಹೊರಡುತ್ತಾರೆ. ಆದರೆ ಮಕ್ಕಳನ್ನು ಒಂದು ಮಾದರಿಯ ಮುಂದೆ ಏಳು ನಿಮಿಷ ನಿಲ್ಲಿಸುವುದು ಪ್ರಶ್ನೆಗಳ ಸಂಖ್ಯೆಯಲ್ಲ. ನಾಲ್ಕೂ ಮನೆಗಳಿಗೆ ಒಂದೇ ಪ್ರಶ್ನೆ ಕೇಳಿದಾಗ ಎರಡನೆಯ ಮನೆಯ ಮುಂದೆ ಬಂದ ಮಗುವಿಗೆ ಏನು ಹುಡುಕಬೇಕೆಂಬುದು ಆಗಲೇ ಗೊತ್ತಿರುತ್ತದೆ, ಮೂರನೆಯದರ ಮುಂದೆ ತಾನೇ ಊಹೆ ಮಾಡತೊಡಗುತ್ತದೆ. ಹೋಲಿಕೆ ಎಂಬುದು ಅಲ್ಲಿಂದ ಶುರುವಾಗುತ್ತದೆ. ಒಂದು ಮನೆಯಲ್ಲಿ ಗೋಡೆ, ಇನ್ನೊಂದರಲ್ಲಿ ಅಡುಗೆಮನೆ, ಮತ್ತೊಂದರಲ್ಲಿ ದೇವರ ಜಗುಲಿ ಎಂದು ಬೇರೆ ಬೇರೆ ಕೇಳುತ್ತ ಹೋದರೆ ಮಗುವಿನ ಬಳಿ ನಾಲ್ಕು ಬಿಡಿ ಸಂಗತಿಗಳು ಉಳಿಯುತ್ತವೆ, ಹೋಲಿಸಲು ಏನೂ ಉಳಿಯುವುದಿಲ್ಲ.

ಹಾಗಾದರೆ ಆ ಒಂದೇ ಪ್ರಶ್ನೆ ಯಾವುದಾಗಬೇಕು? ನನ್ನ ಸಲಹೆ ಚಾವಣಿ. ‘ಈ ಮನೆಯ ಮೇಲೆ ಬಿದ್ದ ಮಳೆನೀರು ಎಲ್ಲಿ ಹರಿದು ಎಲ್ಲಿ ಹೊರಬೀಳುತ್ತದೆ? ಬಾಣ ಹಾಕಿ ತೋರಿಸಿರಿ’ ಎಂಬ ಒಂದು ಸಾಲು ಸಾಕು. ಮಾದರಿಗಳು ಮೇಜಿನೆತ್ತರದಲ್ಲಿ ಇರುವುದರಿಂದ ಒಳಗಿನ ಕೋಣೆಗಳಿಗಿಂತ ಚಾವಣಿಯೇ ಮಕ್ಕಳ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಫಲಕದಲ್ಲಿ ಈ ಪ್ರಶ್ನೆಗೆ ಉತ್ತರ ಬರೆದಿರುವುದು ಅಪರೂಪ. ಬರೆಯಲು ತಡವರಿಸುವ ಮಗುವೂ ಬಾಣ ಹಾಕಬಲ್ಲದು. ಎಲ್ಲಕ್ಕಿಂತ ಮುಖ್ಯವಾಗಿ, ಚಾವಣಿಯನ್ನು ಹಿಡಿದು ಹೊರಟರೆ ಮನೆಯ ಉಳಿದ ಭಾಗಗಳೆಲ್ಲ ಒಂದೊಂದಾಗಿ ಹಿಂದೆ ಬರುತ್ತವೆ. ನಿಮಗೆ ಹತ್ತಿರದ ಮಾಳಿಗೆ ಮನೆಯನ್ನೇ ತೆಗೆದುಕೊಂಡು ಇದನ್ನು ತುಸು ವಿವರವಾಗಿ ಹೇಳುತ್ತೇನೆ, ಏಕೆಂದರೆ ಮಕ್ಕಳು ಕೇಳುವ ಮರುಪ್ರಶ್ನೆಗಳಿಗೆ ನಿಮ್ಮ ಬಳಿ ಇದಿಷ್ಟಾದರೂ ಇರಬೇಕು.

ಮಾಳಿಗೆಯ ಕೆಳಗಿನಿಂದ ಮೇಲಕ್ಕೆ ಹೋದರೆ, ಮೊದಲು ಗೋಡೆ ಮತ್ತು ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಲಾಗಿ ಒತ್ತೊತ್ತಾಗಿ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಸೀಳಿದ ಕಟ್ಟಿಗೆ, ಅದರ ಮೇಲೆ ಬೇವಿನ ತಪ್ಪಲು, ಅದರ ಮೇಲೆ ಹದ ಮಾಡಿದ ಮಣ್ಣು, ಕಟ್ಟಕಡೆಗೆ ಸವಳು ಮಣ್ಣಿನ ಪದರ ಬರುತ್ತದೆ. ಮಣ್ಣಿನ ದಪ್ಪ ಒಂದು ಗೇಣು ಅಥವಾ ಅದಕ್ಕೂ ಹೆಚ್ಚು. ಹತ್ತು ಅಡಿಗೆ ಹತ್ತು ಅಡಿಯ ಒಂದು ಕೋಣೆಯ ಮೇಲೆ ಒಂದು ಗೇಣು ಮಣ್ಣು ಹಾಕಿದರೆ ಅದರ ತೂಕವೇ ಸುಮಾರು ಮೂರು ಟನ್ ಆಗುತ್ತದೆ. ಇಷ್ಟು ಭಾರ ಹೊರಬೇಕಾದ್ದರಿಂದ ಜಂತಿಗಳು ಹತ್ತಿರ ಹತ್ತಿರ ಇರುತ್ತವೆ, ಪಡಸಾಲೆಯ ನಡುವೆ ಕಂಬಗಳು ಸಾಲಾಗಿ ನಿಲ್ಲುತ್ತವೆ, ಕಂಬದ ತಲೆಗೆ ತೊಲೆಯನ್ನು ಹೊರುವ ಬೋದಿಗೆ ಕೂರಿಸುತ್ತಾರೆ, ಗೋಡೆ ಎರಡು ಮೂರು ಅಡಿ ದಪ್ಪ ಇರುತ್ತದೆ. ಆದ್ದರಿಂದ ‘ಮನೆಯೊಳಗೆ ಎಷ್ಟು ಕಂಬ ಕಾಣುತ್ತವೆ?’ ಎಂದು ಎಣಿಸುವ ಒಂದು ಚೌಕವನ್ನು ನಾಲ್ಕೂ ಮನೆಗಳಿಗೆ ಇಟ್ಟರೆ, ಚಾವಣಿ ಭಾರವಾದಂತೆ ಒಳಗಿನ ಕಂಬಗಳು ಹೆಚ್ಚುವುದನ್ನು ಮಕ್ಕಳು ತಾವೇ ಗುರುತಿಸುವ ಸಾಧ್ಯತೆಯಿದೆ. ಅಸ್ಸಾಮಿನ ಮನೆಯಲ್ಲಿ ಮಾತ್ರ ನೆಲದ ಕೆಳಗಿನ ಕಂಬಗಳು ಎಣಿಕೆಯನ್ನು ಕೆಡಿಸುತ್ತವೆ. ಆದ್ದರಿಂದ ‘ಮನೆಯೊಳಗೆ’ ಎಂಬ ಪದಕ್ಕೆ ಅಡಿಗೆರೆ ಎಳೆಯಿರಿ.

ಚಾವಣಿ ಸಮತಟ್ಟಾಗಿ ಕಂಡರೂ ಪೂರ್ತಿ ಸಮತಟ್ಟಲ್ಲ. ಒಂದು ಬದಿಗೆ ತುಸು ಇಳಿಜಾರು ಕೊಟ್ಟು, ಚಾವಣಿಯಂಚಿನ ಕುಂಬಿಯಲ್ಲಿ ಒಂದು ಕಡೆ ನೀರು ಹೊರಬೀಳುವ ಹರನಾಳಿಗೆ ಇಟ್ಟಿರುತ್ತಾರೆ. ಮಕ್ಕಳ ಬಾಣ ಅಲ್ಲಿಗೆ ಬಂದು ಮುಟ್ಟಬೇಕು. ಮಾದರಿ ಮಾಡಿದವರು ಹರನಾಳಿಗೆಯನ್ನು ಮರೆತುಬಿಟ್ಟಿರುವುದೂ ಉಂಟು. ಆಗ ಬಾಣ ಹಾಕಹೊರಟ ಮಗು ‘ಟೀಚರ್, ನೀರು ಹೊರಗೆ ಹೋಗೋಕೆ ದಾರಿನೇ ಇಲ್ಲ’ ಎಂದು ದೂರು ತರುತ್ತದೆ. ಆ ದೂರು ತಂದ ಮಗು ಮಾದರಿಯನ್ನು ಸರಿಯಾಗಿ ನೋಡಿದೆ ಎಂದೇ ಅರ್ಥ, ಅದಕ್ಕೆ ಹಾಳೆಯಲ್ಲಿ ಜಾಗ ಕೊಡಿರಿ. ಬೆಳಕಿಂಡಿಯನ್ನೂ ಹುಡುಕಿಸಿರಿ. ಅಕ್ಕಪಕ್ಕದ ಮನೆಗಳೊಂದಿಗೆ ಗೋಡೆ ಹಂಚಿಕೊಂಡಿರುವ ನಮ್ಮ ಊರಿನ ಮನೆಗಳಿಗೆ ಪಕ್ಕದಲ್ಲಿ ಕಿಟಕಿ ಇಡಲು ಬರುವುದಿಲ್ಲ, ಹಾಗಾಗಿ ಬೆಳಕು ಮೇಲಿನಿಂದ ಬರುತ್ತದೆ. ನೀರು ಬರದಂತೆ ತಡೆಯಬೇಕಾದ ಚಾವಣಿಯಲ್ಲೇ ಬೆಳಕಿಗೆ ತೂತು ಬಿಟ್ಟಿದ್ದಾರೆ, ಹಾಗಾದರೆ ಮಳೆ ಬಂದಾಗ ಏನು ಮಾಡುತ್ತಾರೆ ಎಂಬ ಪ್ರಶ್ನೆಗೆ ಅಜ್ಜಿಯ ಮನೆಯಲ್ಲಿ ಮಾಳಿಗೆ ಇರುವ ಮಗುವೇ ಉತ್ತರ ಹೇಳಲಿ.

ಇಲ್ಲಿ ಮಕ್ಕಳಿಗೂ, ಅನೇಕ ವೇಳೆ ನಮಗೂ, ಇರುವ ಒಂದು ತಪ್ಪು ಕಲ್ಪನೆಯನ್ನು ಎದುರಿಸಬೇಕಾಗುತ್ತದೆ. ಮಣ್ಣಿನ ಚಾವಣಿ ಎಂದರೆ ಕಚ್ಚಾ ಮನೆ, ಬಡವರ ಮನೆ ಎಂಬುದು ಅದು. ತೇಗದ ತೊಲೆ, ಕೆತ್ತನೆಯ ಬೋದಿಗೆ, ಕಲ್ಲಿನ ಕಟ್ಟೆ ಇರುವ ದೊಡ್ಡ ವಾಡೆಗಳ ಮೇಲೂ ಇದೇ ಮಣ್ಣು ಇತ್ತು. ವರ್ಷಕ್ಕೆ 550ರಿಂದ 600 ಮಿಲಿಮೀಟರ್ ಮಳೆ ಬೀಳುವ ಬಾಗಲಕೋಟೆಯಂಥ ಸೀಮೆಯಲ್ಲಿ, ಬಿಸಿಲಿನ ಕಾವನ್ನು ಒಳಗೆ ಬಿಡದ ದಪ್ಪ ಮಣ್ಣು ಹಣವಿದ್ದವರಿಗೂ ಬೇಕಾದ ವಸ್ತುವೇ ಆಗಿತ್ತು. ಶಾವಿಗೆ, ಸಂಡಿಗೆ, ಮೆಣಸಿನಕಾಯಿ ಒಣಹಾಕುವುದಕ್ಕೆ, ಬೇಸಿಗೆಯ ರಾತ್ರಿ ಮಲಗುವುದಕ್ಕೆ ಚಾವಣಿಯೇ ಇನ್ನೊಂದು ಅಂಗಳ. ‘ಈ ಚಾವಣಿಯ ಮೇಲೆ ಜನ ಹತ್ತುತ್ತಾರೆಯೇ? ಹತ್ತಲು ಏನಿದೆ?’ ಎಂದು ಹಾಳೆಯಲ್ಲಿ ಕೇಳಿದರೆ ಇಷ್ಟೂ ಮಾತು ತರಗತಿಗೆ ಬರುತ್ತದೆ.

ಸವಳು ಮಣ್ಣೇ ಏಕೆ ಎಂಬುದನ್ನು ಗ್ಯಾಲರಿಯಲ್ಲಿ ಹೇಳಹೋಗಬೇಡಿರಿ. ಹೊರಡುವ ಮುನ್ನ ಶಾಲೆಯಲ್ಲೇ ಮಾಡಿ ತೋರಿಸಿರಿ. ತಳಕ್ಕೆ ಮೊಳೆಯಿಂದ ಆರೇಳು ತೂತು ಹೊಡೆದ ಎರಡು ಹಳೆಯ ತಗಡಿನ ಡಬ್ಬಿ ತೆಗೆದುಕೊಂಡು, ಒಂದರಲ್ಲಿ ಮೂರು ಇಂಚು ಮರಳು ಮಿಶ್ರಿತ ಕೆಂಪು ಮಣ್ಣು, ಇನ್ನೊಂದರಲ್ಲಿ ಅಷ್ಟೇ ಸವಳು ಮಣ್ಣು ಹಾಕಿ, ತುಸು ನೀರು ಚಿಮುಕಿಸಿ, ಎರಡನ್ನೂ ಒಂದೇ ರೀತಿ ಒತ್ತಿರಿ. ಮೇಲೆ ಒಂದೊಂದು ಲೋಟ ನೀರು ಸುರಿದರೆ ಕೆಂಪು ಮಣ್ಣಿನ ಡಬ್ಬಿ ಬೇಗ ತೊಟ್ಟಿಕ್ಕತೊಡಗುತ್ತದೆ. ಸವಳು ಮಣ್ಣಿನ ಮೇಲೆ ನೀರು ನಿಲ್ಲುತ್ತದೆ. ಸವಳಿನಲ್ಲಿ ಸೋಡಿಯಂ ಅಂಶ ಹೆಚ್ಚಿರುವುದರಿಂದ ನೀರು ತಾಗಿದಾಗ ಅದರ ಜೇಡಿಯ ಕಣಗಳು ಬಿಡಿಬಿಡಿಯಾಗಿ ಚದುರಿ ಮಣ್ಣಿನ ಸಣ್ಣ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಹೊಲಕ್ಕೆ ಕೇಡಾದ ಗುಣ ಮಾಳಿಗೆಗೆ ಒಳಿತಾಗುವುದು ಹೀಗೆ. ಎರೆಮಣ್ಣು ಏಕೆ ಬೇಡವೆಂದು ಮಕ್ಕಳು ಕೇಳುವುದು ಖಂಡಿತ. ಅದೂ ನೆನೆದಾಗ ಉಬ್ಬಿ ನೀರನ್ನು ತಡೆಯುತ್ತದೆ, ಆದರೆ ಒಣಗಿದಾಗ ಬಿರುಕು ಬಿಡುತ್ತದೆ, ಮುಂದಿನ ಮಳೆ ಆ ಬಿರುಕಿನಿಂದಲೇ ಒಳಗೆ ಇಳಿಯುತ್ತದೆ. ಎಲ್ಲ ಸವಳು ಒಂದೇ ಗುಣದ್ದಲ್ಲ, ಒತ್ತುವುದರಲ್ಲಿ ಹೆಚ್ಚುಕಡಿಮೆಯಾದರೂ ಫಲಿತಾಂಶ ಕೈಕೊಡುತ್ತದೆ. ಹಾಗಾಗಿ ಹಿಂದಿನ ದಿನ ನೀವೊಬ್ಬರೇ ಒಮ್ಮೆ ಮಾಡಿ ನೋಡಿಕೊಳ್ಳಿರಿ.

ಈಗ ಉಳಿದ ಮೂರು ಮಾದರಿಗಳ ವಿಷಯ. ಕರಾವಳಿಯ ಹಂಚಿನ ಮನೆಯಲ್ಲಿ ಬಾಣ ನೇರವಾಗಿ ಕೆಳಗೆ ಇಳಿಯುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಅಲ್ಲಿ ನೀರನ್ನು ತಡೆದು ನಿಲ್ಲಿಸುವ ಮಾತೇ ಇಲ್ಲ, ಬಿದ್ದ ಕೂಡಲೇ ಜಾರಿಸಿ ಗೋಡೆಯಿಂದ ದೂರ ಚೆಲ್ಲಬೇಕು. ಸೂರು ಗೋಡೆಯನ್ನು ದಾಟಿ ಎಷ್ಟು ಮುಂದೆ ಚಾಚಿದೆ ಎಂದು ಮಕ್ಕಳು ಪೆನ್ಸಿಲ್ ಹಿಡಿದು ಅಂದಾಜು ಮಾಡಲಿ, ಮಾಳಿಗೆ ಮನೆಯಲ್ಲಿ ಅದು ಇಲ್ಲವೇ ಇಲ್ಲವೆಂಬುದು ತಕ್ಷಣ ಹೊಳೆಯುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಫಲಕದಲ್ಲಿ ‘ಪ್ರಾಚೀನ ಕಾಲದಿಂದಲೂ’ ಎಂಬಂಥ ಮಾತಿದ್ದರೆ ನಂಬಬೇಡಿರಿ. ನಾವೆಲ್ಲ ನೋಡುವ ಚಪ್ಪಟೆ ಮಂಗಳೂರು ಹಂಚು, 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಬಂದದ್ದು. ಅದಕ್ಕೆ ಮೊದಲು ಮುಳಿಹುಲ್ಲು ಮತ್ತು ಕುಂಬಾರರು ಮಾಡಿದ ನಾಡಹಂಚು ಇದ್ದವು. ಇಳಿಜಾರು ಹಳೆಯದು, ಮೇಲಿನ ಹೊದಿಕೆ ಹೊಸದು. ಮನೆಗಳು ಬದಲಾಗದೆ ನಿಂತಿರುತ್ತವೆ ಎಂಬ ಭಾವನೆಯನ್ನು ಮಾದರಿಗಳು ಬಹಳ ಸುಲಭವಾಗಿ ಹುಟ್ಟಿಸುತ್ತವೆ, ಈ ಒಂದು ವಿವರ ಅದನ್ನು ಸ್ವಲ್ಪ ಅಲುಗಿಸುತ್ತದೆ.

ಅಸ್ಸಾಮಿನ ಮಾದರಿ ಬ್ರಹ್ಮಪುತ್ರದ ದಂಡೆಯ ಮಿಸಿಂಗ್ ಸಮುದಾಯದ ಚಾಂಗ್ ಘರ್ ಆಗಿರಬಹುದು. ಅಲ್ಲಿ ನೀರು ಮೇಲಿನಿಂದ ಬರುವುದಷ್ಟೇ ಅಲ್ಲ, ಪ್ರವಾಹದ ದಿನಗಳಲ್ಲಿ ಕೆಳಗಿನಿಂದಲೂ ಏರುತ್ತದೆ. ಬಿದಿರಿನ ನೆಲವನ್ನು ಕಂಬಗಳ ಮೇಲೆ ಎತ್ತಿ ಕಟ್ಟಿರುವುದು ಅದಕ್ಕೇ. ನೀರಿನ ಬಾಣವನ್ನು ಕೆಳಗಿನಿಂದ ಮೇಲಕ್ಕೂ ಹಾಕುವ ಮಗು ಒಂದಾದರೂ ಸಿಗುತ್ತದೆ, ನೀವಾಗಿ ಹೇಳಿಕೊಡದಿದ್ದರೆ ಮಾತ್ರ.

ನನ್ನ ದೃಷ್ಟಿಯಲ್ಲಿ ನಿಮ್ಮ ಗ್ಯಾಲರಿಯ ದೊಡ್ಡ ಅದೃಷ್ಟವೆಂದರೆ ಲಡಾಖಿನ ಮನೆ. ‘ಚಾವಣಿ ನೋಡಿದರೆ ಯಾವ ಎರಡು ಮನೆಗಳು ಅಕ್ಕತಂಗಿಯರಂತೆ ಕಾಣುತ್ತವೆ?’ ಎಂಬ ಪ್ರಶ್ನೆಯನ್ನು ಹಾಳೆಯ ಕೊನೆಯ ಪುಟಕ್ಕೆ ಇಡಿರಿ. ನಕ್ಷೆಯಲ್ಲಿ ಹತ್ತಿರವಿರುವ ಕರಾವಳಿ ಮತ್ತು ಬಾಗಲಕೋಟೆಯ ಮನೆಗಳು ಒಂದಕ್ಕೊಂದು ಹೋಲುವುದಿಲ್ಲ, ದೇಶದ ಆ ತುದಿಯ ಲಡಾಖ್ ಮತ್ತು ಈ ಬಾಗಲಕೋಟೆ ಹೋಲುತ್ತವೆ. ಲೇಹ್‌ನಲ್ಲಿ ಬೀಳುವ ಮಳೆ ಹಿಮವೆಲ್ಲ ಸೇರಿ ವರ್ಷಕ್ಕೆ ಸುಮಾರು 100 ಮಿಲಿಮೀಟರ್ ಅಷ್ಟೇ. ಅಲ್ಲಿಯೂ ಮರದ ತೊಲೆಗಳ ಮೇಲೆ ಕಡ್ಡಿಗಳನ್ನು ಒತ್ತಾಗಿ ಜೋಡಿಸಿ ಮಣ್ಣು ಮೆತ್ತುತ್ತಾರೆ. ತೊಲೆಗೆ ಪಾಪ್ಲರ್ ಮರ, ಕಡ್ಡಿಗೆ ವಿಲೋ. ಚಾವಣಿಯ ಮೇಲೆ ಚಳಿಗಾಲಕ್ಕೆ ಮೇವು, ಉರುವಲು ಒಟ್ಟುತ್ತಾರೆ. ಅಲ್ಲಿನ ಹಳೆಯ ಮನೆಗಳಲ್ಲಿ ಕೆಳ ಅಂತಸ್ತು ದನಕರುಗಳದ್ದು, ನಮ್ಮ ಹಳೆಯ ಮನೆಗಳಲ್ಲಿಯೂ ಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಗ್ವಾದಲಿ, ಅದಕ್ಕಿಂತ ತುಸು ಎತ್ತರದಲ್ಲಿ ಪಡಸಾಲೆ. ಮಂಜು ಬೀಳುವ ಊರಿನಲ್ಲಿ ಚಾವಣಿ ಇಳಿಜಾರೇ ಆಗಿರಬೇಕೆಂದು ಚಿತ್ರ ನೋಡಿ ಕಲಿತ ಮಕ್ಕಳಿಗೆ ಇದು ಒಗಟಾಗುತ್ತದೆ. ಆ ಒಗಟನ್ನು ಅಲ್ಲಿಯೇ ಬಿಡಿಸದೆ ಶಾಲೆಗೆ ಹೊತ್ತು ತರಲಿ, ಮಳೆಯ ಅಂಕಿಗಳನ್ನು ಮರುದಿನ ಹಲಗೆಯ ಮೇಲೆ ಬರೆದರೆ ಸಾಕು.

ಹಾಗೆಂದು ಎಲ್ಲವನ್ನೂ ಮಳೆಯೇ ತೀರ್ಮಾನಿಸುತ್ತದೆ ಎಂಬಲ್ಲಿಗೆ ನಿಲ್ಲಿಸಿದರೆ ಇನ್ನೊಂದು ತಪ್ಪು ಕಲ್ಪನೆಯನ್ನು ನಾವೇ ಕೊಟ್ಟಂತಾಗುತ್ತದೆ. ಗುಳೇದಗುಡ್ಡ, ಇಳಕಲ್ಲುಗಳ ನೇಕಾರರ ಮನೆಯಲ್ಲಿ ಮುಂದಿನ ಜಾಗವನ್ನು ಕುಣಿಮಗ್ಗ ಹಿಡಿದಿರುತ್ತದೆ, ಅದೇ ಓಣಿಯ ಒಕ್ಕಲುತನದ ಮನೆಯಲ್ಲಿ ಅಲ್ಲಿ ಎತ್ತು ಕಟ್ಟುತ್ತಾರೆ. ಮಳೆ ಎರಡಕ್ಕೂ ಒಂದೇ, ಕಸುಬು ಬೇರೆ. ಬಾದಾಮಿಯ ಸುತ್ತ ಕೆಂಪು ಮರಳುಗಲ್ಲು ಕಾಲ ಬುಡದಲ್ಲೇ ಸಿಗುತ್ತದೆ, ವಿಜಯಪುರದ ಕಡೆ ಕರಿಕಲ್ಲು. ಇನ್ನು ‘ಉತ್ತರ ಕರ್ನಾಟಕದ ಮನೆ’ ಎಂದು ಒಂದೇ ಮಾದರಿ ಇಡುವುದರ ಮಿತಿ ಕಾಣಬೇಕಾದರೆ ಬೆಳಗಾವಿ ಜಿಲ್ಲೆಯೊಂದೇ ಸಾಕು. ಪಶ್ಚಿಮಘಟ್ಟಕ್ಕೆ ಅಂಟಿಕೊಂಡ ಖಾನಾಪುರದ ಕಡೆ ಇಳಿಜಾರು ಹಂಚಿನ ಮನೆಗಳು, ಮಳೆ ಕಡಿಮೆಯಾಗುವ ಅಥಣಿಯ ಕಡೆ ಮಾಳಿಗೆ. ಪ್ರದೇಶದ ಗೆರೆ ಜಿಲ್ಲೆಯ ಗೆರೆಯಲ್ಲ ಎಂಬುದನ್ನು ‘ನಿಮ್ಮ ನೆಂಟರ ಯಾವ ಊರಿನಲ್ಲಿ ಬೇರೆ ಬಗೆಯ ಚಾವಣಿ ನೋಡಿದ್ದೀರಿ?’ ಎಂಬ ಪ್ರಶ್ನೆ ಹೊರಗೆ ತರುತ್ತದೆ.

ಹಾಳೆಯ ರೂಪದ ಬಗ್ಗೆ ಹೇಳುವುದಾದರೆ, ಒಂದು ಎ4 ಹಾಳೆಯನ್ನು ನಡುವೆ ಮಡಚಿದರೆ ನಾಲ್ಕು ಸಣ್ಣ ಪುಟಗಳಾಗುತ್ತವೆ. ಮೊದಲ ಪುಟವನ್ನು ಶಾಲೆಯಲ್ಲೇ ತುಂಬಿಸಿರಿ, ಅದರಲ್ಲಿ ಮಗುವಿಗೆ ಗೊತ್ತಿರುವ ಒಂದು ಚಾವಣಿ ಮತ್ತು ಅದರ ನೀರಿನ ಬಾಣ ಇರಲಿ. ಒಳಗಿನ ಎರಡು ಪುಟಗಳಲ್ಲಿ ನಾಲ್ಕು ಚೌಕಗಳು, ಮನೆಗೊಂದು. ಪ್ರತಿ ಚೌಕದಲ್ಲಿ ಪಕ್ಕದಿಂದ ಕಾಣುವ ಚಾವಣಿಯ ಗೆರೆಯನ್ನು ಮಾತ್ರ ಬಿಡಿಸುವುದು, ಬಾಣ ಹಾಕುವುದು, ಕಂಬ ಎಣಿಸುವುದು, ಹತ್ತಲು ದಾರಿ ಇದೆಯೋ ಇಲ್ಲವೋ ಗುರುತು ಹಾಕುವುದು. ಇಡೀ ಮನೆಯನ್ನು ಬಿಡಿಸಿರೆಂದರೆ ಏಳು ನಿಮಿಷವೂ ಬಾಗಿಲು ಕಿಟಕಿಗೆ ಬಣ್ಣ ತುಂಬುವುದರಲ್ಲಿ ಹೋಗುತ್ತದೆ. ಕೊನೆಯ ಪುಟ ಅಕ್ಕತಂಗಿಯರ ಪ್ರಶ್ನೆಗೆ.

ಇಬ್ಬರಿಗೆ ಒಂದು ಹಾಳೆ ಕೊಡಿರಿ. ಒಬ್ಬರು ನೋಡಿ ಹೇಳಬೇಕು, ಇನ್ನೊಬ್ಬರು ಕೇಳಿ ಬಿಡಿಸಬೇಕು, ಮುಂದಿನ ಮಾದರಿಯಲ್ಲಿ ಅದಲು ಬದಲು. ನಕಲು ಇದರಿಂದ ಬಹುಮಟ್ಟಿಗೆ ನಿಲ್ಲುತ್ತದೆ, ಏಕೆಂದರೆ ಹೇಳುವ ಮಗುವಿಗೆ ಬರೆಯುವ ಕೆಲಸವಿಲ್ಲ, ಬರೆಯುವ ಮಗು ಫಲಕದ ಕಡೆ ಹೋಗುವಂತಿಲ್ಲ. 46 ಮಕ್ಕಳೆಂದರೆ 23 ಜೋಡಿ, ಆರು ಜೋಡಿಗಳ ಮೂರು ಗುಂಪು, ಐದು ಜೋಡಿಗಳ ಒಂದು ಗುಂಪು. ಐದು ನಿಮಿಷ ಗ್ಯಾಲರಿಯನ್ನು ಸುಮ್ಮನೆ ಸುತ್ತಲು ಬಿಟ್ಟು, ಮಾದರಿಗೆ ಏಳರಂತೆ 28 ನಿಮಿಷ, ಉಳಿದ ಏಳು ನಿಮಿಷ ಕೊನೆಯ ಪುಟಕ್ಕೆ. ಮೊದಲ ಐದು ನಿಮಿಷವನ್ನು ಉಳಿಸಹೋಗಬೇಡಿರಿ. ಒಮ್ಮೆ ಎಲ್ಲವನ್ನೂ ನೋಡದ ಮಗು ಮೊದಲ ಮಾದರಿಯ ಮುಂದೆ ನಿಂತು ನಾಲ್ಕನೆಯದರ ಕಡೆಗೇ ನೋಡುತ್ತಿರುತ್ತದೆ. ಪೆನ್ನು ಬೇಡ, ಪೆನ್ಸಿಲ್ ಮತ್ತು ರಟ್ಟು ಇರಲಿ. ರಟ್ಟು ಇಲ್ಲದ ಮಕ್ಕಳು ಮಾದರಿಯ ಗಾಜಿನ ಮೇಲೆ ಹಾಳೆ ಇಟ್ಟು ಬರೆಯುತ್ತಾರೆ, ಕಾವಲಿನವರ ಬೈಗುಳ ಅಲ್ಲಿಂದ ಶುರುವಾಗುತ್ತದೆ.

ಬಾಣದ ಹಾಳೆಗೂ ಅಪಾಯಗಳಿವೆ. ತಪಾಸಣೆಗೆ ಬಂದವರು ‘ಬರವಣಿಗೆ ಎಲ್ಲಿ?’ ಎಂದು ಕೇಳಬಹುದು, ಅದಕ್ಕಾಗಿ ಮರುದಿನ ಪ್ರತಿ ಮಗುವಿನಿಂದ ತನ್ನ ಬಾಣಗಳ ಬಗ್ಗೆ ನಾಲ್ಕೈದು ವಾಕ್ಯ ಬರೆಯಿಸಿ ಹಾಳೆಗೆ ಅಂಟಿಸಿರಿ. ಚಾವಣಿಯನ್ನೇ ಹಿಡಿದು ಹೊರಟಾಗ ಒಲೆ, ನೀರಿನ ಜಾಗ, ಹೆಂಗಸರ ಕೆಲಸದ ಜಾಗ ಇವೆಲ್ಲ ಬಿಟ್ಟುಹೋಗುತ್ತವೆ ಎಂಬುದೂ ನಿಜ. ಒಂದು ಭೇಟಿಯಲ್ಲಿ ಅಷ್ಟನ್ನು ಬಿಟ್ಟುಕೊಡುವುದು ಒಳ್ಳೆಯದೆಂದು ನಾನು ತಿಳಿದಿದ್ದೇನೆ. ನಿಮಗೆ ಒಲೆಯೇ ಮುಖ್ಯವೆನಿಸಿದರೆ ಇದೇ ಹಾಳೆಯಲ್ಲಿ ನೀರಿನ ಬಾಣದ ಬದಲು ಹೊಗೆಯ ಬಾಣ ಹಾಕಿಸಬಹುದು, ಆದರೆ ಮಾದರಿಗಳ ಒಳಭಾಗ ತೆರೆದಿದ್ದರೆ ಮಾತ್ರ. ಅದಕ್ಕಾಗಿ, ಸಾಧ್ಯವಾದರೆ ನೀವು ಒಬ್ಬರೇ ಮೊದಲು ಹೋಗಿ, ಮಂಡಿಯೂರಿ, ಮಗುವಿನ ಕಣ್ಣಿನ ಎತ್ತರದಿಂದ ನಾಲ್ಕೂ ಮಾದರಿಗಳನ್ನು ನೋಡಿ ಬನ್ನಿರಿ. ದೊಡ್ಡವರಿಗೆ ಕಾಣುವ ಹರನಾಳಿಗೆ ಮಕ್ಕಳಿಗೆ ಕಾಣದಿರಬಹುದು.

ಇನ್ನು ನಿಮ್ಮ ಕೊನೆಯ ಎರಡು ಪ್ರಶ್ನೆಗಳು. ‘ನಿಮ್ಮ ಮನೆ ಯಾವ ಬಗೆಯದು?’ ಎಂಬುದನ್ನು ತೆಗೆದುಬಿಡಿರಿ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಎಡೆಬಿಡದ ಮಳೆಯಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ಪ್ರವಾಹದಲ್ಲಿ, ನಿಮ್ಮ ಜಿಲ್ಲೆಯ ಎಷ್ಟೋ ಮಣ್ಣಿನ ಮನೆಗಳು ಬಿದ್ದವು. ಮಾಳಿಗೆ ಬಿಟ್ಟು ಬಿಟ್ಟು ಬರುವ ಮಳೆಗೆ ಕಟ್ಟಿದ್ದು. ನಾಲ್ಕಾರು ದಿನ ಬಿಡದೆ ಸುರಿದರೆ ಮಣ್ಣು ನೀರು ಕುಡಿದು ಭಾರ ಹೆಚ್ಚುತ್ತದೆ, ಅದೇ ಹೊತ್ತಿಗೆ ಗೋಡೆಯ ಬುಡ ನೆನೆದು ಮೆತ್ತಗಾಗುತ್ತದೆ. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟುಬಂದ ಕುಟುಂಬಗಳೂ ನಿಮ್ಮ ಜಿಲ್ಲೆಯಲ್ಲಿವೆ. ತಗಡಿನ ಶೆಡ್ಡಿನಲ್ಲಿರುವ ಮಗುವಿನ ಹಿಂದೆ ಇಂಥ ಯಾವುದಾದರೊಂದು ಸಂಗತಿ ಇರಬಹುದು, ಅದನ್ನು ಹಾಳೆಯ ಮೇಲೆ ಎಲ್ಲರ ಮುಂದೆ ಬರೆಯಿಸುವ ಅಗತ್ಯವಿಲ್ಲ. ‘ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಕಟ್ಟಡ’ ಎಂದು ಕೇಳಿರಿ. ಅಜ್ಜಿಯ ಮನೆ, ಗುಡಿ, ಶಾಲೆ, ತೋಟದ ಶೆಡ್ಡು ಯಾವುದಾದರೂ ಆದೀತು. ತಗಡಿನ ಚಾವಣಿಯನ್ನೇ ಬಿಡಿಸುವ ಮಗುವಿನ ಬಾಣ ಎಲ್ಲರಿಗಿಂತ ಸ್ಪಷ್ಟವಾಗಿರುತ್ತದೆ, ಏಕೆಂದರೆ ತಗಡಿನ ಮೇಲೆ ನೀರು ಹೇಗೆ ಓಡುತ್ತದೆ, ಹೇಗೆ ಸದ್ದು ಮಾಡುತ್ತದೆ ಎಂಬುದು ಅದಕ್ಕೆ ಗೊತ್ತು.

‘ಯಾವ ಮನೆ ಉತ್ತಮ?’ ಎಂಬುದರ ಜಾಗದಲ್ಲಿ, ಮರುದಿನ ತರಗತಿಯಲ್ಲಿ, ಮನೆಗಳನ್ನು ಊರಿಂದೂರಿಗೆ ಸಾಗಿಸಿ ನೋಡಿರಿ. ನಮ್ಮ ಮಾಳಿಗೆಯನ್ನು ಮಂಗಳೂರಿಗೆ ಒಯ್ದರೆ ಜುಲೈ ತಿಂಗಳಲ್ಲಿ ಏನಾದೀತು? ಹಂಚಿನ ಮನೆಯನ್ನು ಹುನಗುಂದಕ್ಕೆ ತಂದರೆ ಶಾವಿಗೆ ಎಲ್ಲಿ ಒಣಹಾಕುವುದು? ಚಾಂಗ್ ಘರ್ ಕಟ್ಟಲು ಅಷ್ಟು ಬಿದಿರು ಇಲ್ಲಿ ಎಲ್ಲಿಂದ ತರುವುದು? ಮಕ್ಕಳು ತಮ್ಮ ಹಾಳೆಯ ಬಾಣ ತೋರಿಸಿ ವಾದಿಸಬೇಕೆಂಬ ಒಂದೇ ನಿಯಮ ಇಡಿರಿ. ಈ ಚರ್ಚೆಯಲ್ಲಿ ಆರ್‌ಸಿಸಿ ಮನೆಯೇ ಎಲ್ಲಕ್ಕೂ ಒಳ್ಳೆಯದೆಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ತಳ್ಳಿಹಾಕಬೇಡಿರಿ, ಅದು ಬಾಳಿಕೆ ಬರುತ್ತದೆ, ವರ್ಷ ವರ್ಷ ಮಣ್ಣು ಹಾಕುವ ಕಷ್ಟ ತಪ್ಪಿಸುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಅದರ ಕೆಳಗೆ ಕುಳಿತವರು ಯಾರು, ಮಾಳಿಗೆಯ ಕೆಳಗೆ ಕುಳಿತವರು ಯಾರು, ಎರಡೂ ಕಡೆ ಹೇಗಿತ್ತು ಎಂದು ಮುಂದಿನ ಪ್ರಶ್ನೆ ಕೇಳಿದರಾಯಿತು.

ಹಾಳೆಗಳನ್ನು ತಿದ್ದುವಾಗ ಚಿತ್ರದ ಅಂದಕ್ಕೆ ಅಂಕ ಕೊಡಬೇಡಿರಿ. ಬಾಣ ಮನೆಯ ಹೊರಗೆ ಬಂದು ಮುಗಿದಿದೆಯೇ, ನಾಲ್ಕು ಚೌಕಗಳ ಬಾಣಗಳು ಒಂದಕ್ಕಿಂತ ಒಂದು ಬೇರೆಯಾಗಿವೆಯೇ, ಈ ಎರಡನ್ನು ನೋಡಿದರೆ ಸಾಕು. ಒಂದು ಗುಂಪಿನ ಆರೂ ಜೋಡಿಗಳು ಒಂದೇ ತಪ್ಪನ್ನು ಒಂದೇ ಜಾಗದಲ್ಲಿ ಮಾಡಿದ್ದರೆ ಅಲ್ಲಿ ನಕಲಾಗಿದೆ, ಇಲ್ಲವೇ ಆ ಮಾದರಿಯೇ ತಪ್ಪಾಗಿದೆ. ಎರಡನೆಯದು ನಿಜವಾದರೆ ವಸ್ತುಸಂಗ್ರಹಾಲಯದವರಿಗೆ ಮಕ್ಕಳ ಕೈಯಿಂದಲೇ ಒಂದು ಪತ್ರ ಬರೆಯಿಸಿ, ಹಾಳೆಯ ಒಂದು ಪ್ರತಿ ಜೊತೆಗಿಟ್ಟು ಕಳಿಸಿರಿ. ನಿಮ್ಮ ಹಳೆಯ 22 ಪ್ರಶ್ನೆಗಳಲ್ಲಿ ಫಲಕಕ್ಕೆ ಸೇರಿದವನ್ನೂ ಎಸೆಯಬೇಕಿಲ್ಲ. ಫಲಕಗಳ ಫೋಟೋ ತೆಗೆದುಕೊಂಡು ಬಂದರೆ ಅವನ್ನು ಓದುವ ಪಾಠವಾಗಿ ಆ ವಾರದಲ್ಲೇ ತರಗತಿಯಲ್ಲಿ ಬಳಸಬಹುದು.